ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡ ತುಂಡು: ನನ್ನ ಸ್ಕೇಫಾಯ್ಡ್ ಮುರಿತದ ಕಥೆ

ನನ್ನ ಬಲಗೈಯ ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆಯಿಂದ ಬೇರೆಯಾದ ತುಂಡು ಹೆಚ್ಚುಕಡಿಮೆ 5 ಮಿಲಿಮೀಟರಿನದು. ಇಡೀ ಮೂಳೆಯ ಉದ್ದವೇ ಎರಡೂವರೆ ಸೆಂಟಿಮೀಟರ್ ಇರಬಹುದು. ಅದು ಮುರಿದಾಗ ಕೈ ಸೊಟ್ಟಗಾಗಲಿಲ್ಲ, ಊತ ಜಾಸ್ತಿ ಬರಲಿಲ್ಲ, ಮೊದಲ ಎಕ್ಸ್‌ರೇಯಲ್ಲಿ ಗೆರೆ ಕೂಡ ಕಾಣಲಿಲ್ಲ. ಆದರೂ ಆ ಚೂರು ಬದುಕುತ್ತದೋ ಸಾಯುತ್ತದೋ ಎಂದು ನಾನು ಹತ್ತಿರ ಹತ್ತಿರ ಅರ್ಧ ವರ್ಷ ಕಾಯಬೇಕಾಯಿತು.

ನಾನು ಎಕ್ಸ್‌ರೇ ಟೆಕ್ನಿಷಿಯನ್. ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಕೆಲಸ. ಹಾಗಾಗಿ ಬೇರೆಯವರ ಮಣಿಕಟ್ಟಿನ ಫಿಲ್ಮ್ ನೋಡೋದು ನನಗೆ ದಿನದ ಕೆಲಸ. ಮಳೆಗಾಲ ಬಂತೆಂದರೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಅಂಗೈ ಊರಿ ಬಿದ್ದವರು ಸಾಲುಸಾಲಾಗಿ ಬರುತ್ತಾರೆ. ಆ ವರ್ಷ ನಾನೂ ಆ ಸಾಲಿಗೆ ಸೇರಿದೆ. ಬಟ್ಟೆ ತೆಗೆಯಲು ಓಡಿದೆ, ಕಾಲು ಜಾರಿತು, ಕೈ ಮುಂದೆ ಚಾಚಿ ಬಿದ್ದೆ. ಅಂಗೈ ನೆಲಕ್ಕೆ ತಾಗಿ ಮಣಿಕಟ್ಟು ಹಿಂದಕ್ಕೆ ಮಡಚಿತು. ಸ್ಕೇಫಾಯ್ಡ್ ಮುರಿಯುವುದು ಮುಕ್ಕಾಲು ಪಾಲು ಹೀಗೇ.

"ಉಳುಕಿರ್ತದೆ, ಎಣ್ಣೆ ಹಚ್ಚಿ ತಿಕ್ಕಿದ್ರೆ ಹೋಗ್ತದೆ ಬಿಡು" ಅಂದರು ಅತ್ತೆ. ಅವರ ಮಾತು ಪೂರ್ತಿ ತಪ್ಪು ಅನ್ನುವ ಹಾಗೂ ಇರಲಿಲ್ಲ. ಬೆರಳು ಆಡುತ್ತಿದ್ದವು, ಲೋಟ ಹಿಡಿಯಬಹುದಿತ್ತು. ಆದರೆ ನೋವಿನ ಜಾಗ ಮಾತ್ರ ನನಗೆ ಹಿಡಿಸಲಿಲ್ಲ. ಹೆಬ್ಬೆರಳನ್ನು ಮೇಲಕ್ಕೆತ್ತಿ ಅಗಲಿಸಿದರೆ ಅದರ ಬುಡದಲ್ಲಿ ಎರಡು ನರದ ಹಾಗೆ ಕಾಣುವ ಎಳೆಗಳ ನಡುವೆ ಒಂದು ಗುಳಿ ಬೀಳುತ್ತದೆ, ಅಲ್ವಾ? ಅವು ನರವಲ್ಲ, ಹೆಬ್ಬೆರಳನ್ನು ಎತ್ತುವ ಸ್ನಾಯುಗಳ ಟೆಂಡನ್‌ಗಳು. ಆ ಗುಳಿಯ ತಳದಲ್ಲಿ ಸ್ಕೇಫಾಯ್ಡ್ ಕೂತಿದೆ. ಅಲ್ಲಿ ಬೆರಳಿಟ್ಟು ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಮರುದಿನ ನನ್ನ ಜೊತೆ ಕೆಲಸ ಮಾಡುವ ಹುಡುಗ ಫಿಲ್ಮ್ ತೆಗೆದ. ನೇರವಾಗಿ ಒಂದು, ಪಕ್ಕದಿಂದ ಒಂದು, ಓರೆಯಾಗಿ ಒಂದು, ಮತ್ತೆ ಕೈಯನ್ನು ಕಿರುಬೆರಳ ಕಡೆಗೆ ವಾಲಿಸಿ ಒಂದು. ಕೊನೆಯದೇ ಸ್ಕೇಫಾಯ್ಡ್ ವ್ಯೂ. ಈ ಮೂಳೆ ಮಣಿಕಟ್ಟಿನಲ್ಲಿ ಓರೆಯಾಗಿ, ಅಂಗೈ ಕಡೆಗೆ ಬಾಗಿ ಕೂತಿರುತ್ತದೆ. ನೇರ ಫಿಲ್ಮ್‌ನಲ್ಲಿ ಅದು ಕುಗ್ಗಿ ಗಿಡ್ಡವಾಗಿ ಕಾಣುತ್ತದೆ. ಕೈಯನ್ನು ಕಿರುಬೆರಳ ಕಡೆ ವಾಲಿಸಿದರೆ ಮೂಳೆ ಎದ್ದು ನಿಂತು ಉದ್ದಕ್ಕೆ ಕಾಣುತ್ತದೆ. ನಾಲ್ಕನ್ನೂ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆವು. ಏನೂ ಇಲ್ಲ.

ನಮ್ಮ ಆರ್ಥೋ ಡಾಕ್ಟರ್ ಫಿಲ್ಮ್ ಕಡೆ ಒಮ್ಮೆ ಕಣ್ಣಾಡಿಸಿ ಕೈ ಹಿಡಿದುಕೊಂಡರು. ಮೂರು ಕಡೆ ಪರೀಕ್ಷೆ ಮಾಡಿದರು. ಮೊದಲು ಆ ಗುಳಿಯನ್ನು ಒತ್ತಿದರು. ಆಮೇಲೆ ಅಂಗೈ ಕಡೆ, ಹೆಬ್ಬೆರಳ ದಿಂಡಿನ ಬುಡದಲ್ಲಿ ಕೈಗೆ ಸಿಗುವ ಸಣ್ಣ ಗುಬುಟನ್ನು ಒತ್ತಿದರು. ಅದು ಸ್ಕೇಫಾಯ್ಡಿನ ಬೆರಳ ಕಡೆಯ ತುದಿ. ಕೊನೆಗೆ ಹೆಬ್ಬೆರಳನ್ನು ಹಿಡಿದು ಉದ್ದಕ್ಕೆ ಮಣಿಕಟ್ಟಿನ ಕಡೆ ದೂಡಿದರು. ಮೂರೂ ಸಲ ನಾನು ಕುರ್ಚಿಯಿಂದ ಎದ್ದೆ.

"ಫಿಲ್ಮ್ ಏನೇ ಹೇಳ್ಲಿ ಮೇಡಂ, ಇದು ಮುರಿದಿದೆ ಅಂತಾನೇ ಇಟ್ಕೊಳ್ಳೋಣ" ಅಂದರು.

ಹೆಬ್ಬೆರಳೂ ಸೇರಿದ ಹಾಗೆ ಪ್ಲಾಸ್ಟರ್ ಸ್ಲ್ಯಾಬ್ ಕಟ್ಟಿದರು. ಎರಡು ವಾರ ಬಿಟ್ಟು ಮತ್ತೆ ಫಿಲ್ಮ್ ಅಂದರು. ಸ್ಕೇಫಾಯ್ಡ್ ಮುರಿತಗಳಲ್ಲಿ ನೂರಕ್ಕೆ 15ರಿಂದ 20ರಷ್ಟು ಮೊದಲ ದಿನದ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳುತ್ತವೆ. ತುಂಡುಗಳು ಸರಿದಿಲ್ಲದಿದ್ದರೆ ಬಿರುಕು ಕೂದಲೆಳೆಯಷ್ಟೂ ಇರುವುದಿಲ್ಲ. ಒಂದೆರಡು ವಾರದಲ್ಲಿ ಮುರಿದ ಅಂಚನ್ನು ದೇಹವೇ ಸ್ವಲ್ಪ ಸವೆಸುತ್ತದೆ, ಬಿರುಕು ಅಗಲವಾಗುತ್ತದೆ, ಆಗ ಗೆರೆ ಕಾಣಿಸುತ್ತದೆ. ಎಂಆರ್‌ಐ ಮಾಡಿದರೆ ಮೊದಲ ದಿನಗಳಲ್ಲೇ ಗೊತ್ತಾಗುತ್ತದೆ. ದೊಡ್ಡ ಊರಲ್ಲಿದ್ದರೆ ನಾನೂ ಅದನ್ನೇ ಮಾಡಿಸುತ್ತಿದ್ದೆ. ನಮ್ಮಲ್ಲಿ ಅದಕ್ಕೆ ಶಿವಮೊಗ್ಗಕ್ಕೆ ಹೋಗಬೇಕು. ಹೇಗಿದ್ದರೂ ಸ್ಲ್ಯಾಬ್ ಇದೆಯಲ್ಲ, ಕಾಯೋಣ ಅಂದುಕೊಂಡೆ.

ಎರಡನೇ ಸುತ್ತಿನ ಫಿಲ್ಮ್‌ನಲ್ಲಿ ಗೆರೆ ಬಂತು. ಬಂದ ಜಾಗ ನೋಡಿ ನನಗೆ ಬೇಜಾರಾಯಿತು. ಮೂಳೆಯ ನಡುವಿನಲ್ಲಿ ಬಂದಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಹತ್ತರಲ್ಲಿ ಆರೇಳು ಸ್ಕೇಫಾಯ್ಡ್ ಮುರಿಯುವುದು ಅಲ್ಲೇ. ನನ್ನದು ಮೊಣಕೈ ಕಡೆಯ ತುದಿಯಲ್ಲಿತ್ತು. ಡಾಕ್ಟರುಗಳು ಅದನ್ನು ಪ್ರಾಕ್ಸಿಮಲ್ ಪೋಲ್ ಅನ್ನುತ್ತಾರೆ. ಶಿವಮೊಗ್ಗದಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿ, ಮೂಳೆಯ ಉದ್ದಕ್ಕೇ ತೆಳು ಪದರ ತೆಗೆಸಿ ನೋಡಿದಾಗ ಪಕ್ಕಾ ಆಯಿತು. ಕೊನೆಯ ಐದನೇ ಒಂದು ಭಾಗ ಬೇರೆಯಾಗಿದೆ. ಸರಿದಿಲ್ಲ, ಆದರೆ ಪೂರ್ತಿ ಮುರಿದಿದೆ.

ಡಾಕ್ಟರ್ ಮೇಜಿನ ಡ್ರಾಯರಿನಿಂದ ಒಂದು ಒಣ ಸ್ಕೇಫಾಯ್ಡ್ ಮೂಳೆ ತೆಗೆದರು. ಕಾಲೇಜು ದಿನಗಳಿಂದ ಇಟ್ಟುಕೊಂಡಿದ್ದಂತೆ. ಕೈಗೆ ಒಂದು ಲೆನ್ಸ್ ಕೊಟ್ಟು, "ಇದರಲ್ಲಿ ತೂತು ಎಲ್ಲೆಲ್ಲಿವೆ ನೋಡಿ" ಅಂದರು.

ನೋಡಿದೆ. ಮೂಳೆಯ ಹಿಂಬದಿಯಲ್ಲಿ, ಅಂದರೆ ಮುಂಗೈ ಮೇಲ್ಭಾಗದ ಕಡೆ, ನಡುವಿನ ಹತ್ತಿರ ಒಂದು ಒರಟು ಏಣು ಇದೆ. ಅದರ ಉದ್ದಕ್ಕೂ ಸಣ್ಣ ಸಣ್ಣ ತೂತುಗಳು. ಬೆರಳ ಕಡೆಯ ತುದಿಯ ಗುಬುಟಿನ ಸುತ್ತ ಇನ್ನೊಂದಷ್ಟು. ಮೊಣಕೈ ಕಡೆಯ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನುಣ್ಣಗಿತ್ತು. ಒಂದೂ ಸಿಗಲಿಲ್ಲ.

ತೂತು ಅಂದರೆ ರಕ್ತನಾಳ ಒಳಗೆ ಹೋಗುವ ದಾರಿ. ಬಹುತೇಕ ಮೂಳೆಗಳ ಮೈಮೇಲೆ ಪೊರೆ ಇರುತ್ತದೆ, ಅದರಿಂದ ಬೇಕಾದ ಕಡೆ ನಾಳಗಳು ಇಳಿಯುತ್ತವೆ. ಸ್ಕೇಫಾಯ್ಡಿಗೆ ಆ ಭಾಗ್ಯವಿಲ್ಲ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಎರಡು ಸಾಲಾಗಿವೆ. ಎರಡೂ ಸಾಲಿಗೆ ಚಾಚಿ ನಿಂತಿರುವುದು ಇದೊಂದೇ. ಐದು ಮೂಳೆಗಳ ಜೊತೆ ಉಜ್ಜಾಡಬೇಕು. ಅದಕ್ಕೇ ಅದರ ಮೈಯಲ್ಲಿ ನೂರಕ್ಕೆ 80ರಷ್ಟು ಭಾಗ ಕಾರ್ಟಿಲೇಜ್, ಅಂದರೆ ಕೀಲಿನ ನುಣುಪು ಹೊದಿಕೆ. ಕಾರ್ಟಿಲೇಜ್ ಮೂಲಕ ರಕ್ತನಾಳ ಒಳಗೆ ಹೋಗಲಾರದು. ಹೊದಿಕೆ ಇಲ್ಲದ ಸ್ವಲ್ಪ ಜಾಗದಲ್ಲೇ ಎಲ್ಲ ನಾಳಗಳೂ ನುಗ್ಗಬೇಕು.

ರಕ್ತ ಬರುವುದು ರೇಡಿಯಲ್ ಆರ್ಟರಿಯಿಂದ. ನಾಡಿ ಹಿಡಿಯುತ್ತೇವಲ್ಲ, ಅದೇ ನಾಳ. ಅದು ಮಣಿಕಟ್ಟಿನ ಹತ್ತಿರ ಬಳಸಿಕೊಂಡು ನಾನು ಹೇಳಿದ ಆ ಗುಳಿಯ ತಳದಲ್ಲಿ ಹಾದುಹೋಗುತ್ತದೆ. ಅಲ್ಲಿ ಮೆಲ್ಲಗೆ ಬೆರಳಿಟ್ಟರೆ ಬಡಿತ ಸಿಗುತ್ತದೆ. ಅದರ ಒಂದು ಕವಲು ಅಂಗೈ ಕಡೆಯಿಂದ ಗುಬುಟಿನ ಬಳಿ ಹೊಕ್ಕು ಬೆರಳ ಕಡೆಯ 20ರಿಂದ 30 ಶೇಕಡಾ ಭಾಗವನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಕವಲು ಹಿಂಬದಿಯ ಏಣಿನಲ್ಲಿ ಹೊಕ್ಕು ಉಳಿದ 70ರಿಂದ 80 ಶೇಕಡಾ ಭಾಗಕ್ಕೆ ರಕ್ತ ಕೊಡುತ್ತದೆ. ಗೆಲ್ಬರ್ಮನ್ ಮತ್ತು ಮೆನನ್ ಎಂಬಿಬ್ಬರು 1980ರಲ್ಲಿ ಶವಗಳ ಕೈಗಳ ನಾಳಕ್ಕೆ ಬಣ್ಣದ ದ್ರವ ತುಂಬಿಸಿ ಅಳೆದು ಬರೆದ ಲೆಕ್ಕ ಇದು. ಈಗಲೂ ಎಲ್ಲರೂ ಹೇಳುವುದು ಇದನ್ನೇ.

ತಾಪತ್ರಯ ಇರುವುದು ಹರಿಯುವ ದಿಕ್ಕಿನಲ್ಲಿ. ಹೃದಯದಿಂದ ಬರುವ ರಕ್ತ ಮೊಣಕೈ ದಾಟಿ ಮಣಿಕಟ್ಟಿಗೆ ಬರುತ್ತದೆ. ಹಾಗಾಗಿ ಮೊಣಕೈ ಹತ್ತಿರದ ತುದಿಗೆ ಮೊದಲು ಸಿಗಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ. ನಾಳ ಆ ತುದಿಯನ್ನು ದಾಟಿ ಮುಂದೆ ಹೋಗಿ, ನಡುವಿನಲ್ಲಿ ಮೂಳೆಯೊಳಗೆ ಹೊಕ್ಕು, ಮತ್ತೆ ಹಿಂದಕ್ಕೆ ತಿರುಗಿ ಆ ತುದಿಗೆ ರಕ್ತ ಒಯ್ಯುತ್ತದೆ. ಭದ್ರಾ ನಾಲೆಯ ಕೊನೆಭಾಗದ ಗದ್ದೆಯವರನ್ನು ಕೇಳಿ ನೋಡಿ, ಮೇಲೆ ಎಲ್ಲೋ ಒಂದು ಕಡೆ ನಾಲೆ ಒಡೆದರೆ ಅವರ ಪಾಡೇನು ಅಂತ. ನನ್ನ ಮೂಳೆಯ ಆ ತುದಿಯೂ ಕೊನೆಭಾಗದ ಗದ್ದೆಯೇ. ಬಿರುಕು ಬಿದ್ದದ್ದು ನಾಳ ಹೊಕ್ಕ ಜಾಗಕ್ಕೂ ಆ ತುದಿಗೂ ನಡುವೆ. ಮೂಳೆಯೊಳಗೆ ಹಿಂದಕ್ಕೆ ಬರುತ್ತಿದ್ದ ಎಳೆಗಳೆಲ್ಲ ಅಲ್ಲೇ ಕತ್ತರಿಸಿದವು.

"ಆ ತುಂಡಿಗೆ ಬೇರೆ ದಾರಿಯೇ ಇಲ್ವಾ ಸಾರ್?" ಅಂದೆ.

"ಪಕ್ಕದ ಲ್ಯೂನೇಟ್ ಮೂಳೆಗೆ ಕಟ್ಟಿದ ಲಿಗಮೆಂಟ್ ಇದೆ. ಅದರಿಂದ ಬರೋದು ನೆಚ್ಚಿಕೊಳ್ಳುವಷ್ಟಿಲ್ಲ. ಕೆಲವರಿಗೆ ಒಂದೆರಡು ಸಣ್ಣ ನಾಳ ನೇರವಾಗಿ ಹೋಗಿರ್ತವೆ. ನಿಮಗಿದೆಯೋ ಇಲ್ವೋ ಹೊರಗಿಂದ ಹೇಳೋಕಾಗಲ್ಲ" ಅಂದರು.

1938ರಲ್ಲಿ ಒಬ್ಲೆಟ್ಜ್ ಮತ್ತು ಹಾಲ್ಬ್‌ಸ್ಟೈನ್ ಎಂಬವರು 297 ಒಣ ಸ್ಕೇಫಾಯ್ಡ್‌ಗಳನ್ನು ಗುಡ್ಡೆ ಹಾಕಿಕೊಂಡು ತೂತು ಎಣಿಸಿದ್ದರು. ನೂರಕ್ಕೆ 13ರಲ್ಲಿ ನಡುವಿನಿಂದ ಮೊಣಕೈ ಕಡೆಗೆ ಒಂದು ತೂತೂ ಇರಲಿಲ್ಲ. ಇನ್ನೂ 20ರಲ್ಲಿ ಇದ್ದದ್ದು ಒಂದೇ ಒಂದು. ಈ ಲೆಕ್ಕ ನನಗೆ ತುಂಬಾ ಇಷ್ಟವಾಯಿತು. ಒಂದೇ ಜಾಗದಲ್ಲಿ, ಒಂದೇ ಥರ ಮುರಿದ ಇಬ್ಬರಲ್ಲಿ ಒಬ್ಬರದು ಕೂಡಿಕೊಂಡು ಇನ್ನೊಬ್ಬರದು ಯಾಕೆ ಸಾಯುತ್ತದೆ ಅನ್ನುವುದಕ್ಕೆ ಒಂದು ಕಾರಣ ಇದರಲ್ಲಿದೆ. ಹುಟ್ಟಿನಿಂದಲೇ ದಾರಿಗಳು ಬೇರೆ ಬೇರೆ.

ಸಾಯುವುದು ಅಂದರೇನು ಅಂತಲೂ ಕೇಳಿದೆ. ರಕ್ತ ನಿಂತ ಒಂದೆರಡು ದಿನದಲ್ಲಿ ಮೂಳೆಯೊಳಗಿನ ಜೀವಕೋಶಗಳು ಸಾಯುತ್ತವೆ. ಇದನ್ನೇ ಎವಾಸ್ಕ್ಯುಲರ್ ನೆಕ್ರೋಸಿಸ್, ಎವಿಎನ್ ಅನ್ನುವುದು. ಆದರೆ ಸುಣ್ಣದ ಅಂಶದ ಗಟ್ಟಿ ಚೌಕಟ್ಟು ಹಾಗೇ ನಿಂತಿರುತ್ತದೆ. ಸತ್ತ ಮೂಳೆ ಮೊದಮೊದಲು ಬಲದಲ್ಲಿ ಬದುಕಿದ ಮೂಳೆಗೆ ಕಡಿಮೆಯೇನಲ್ಲ. ಹೊಸ ರಕ್ತನಾಳ ಬಿರುಕು ದಾಟಿ ಆ ಕಡೆ ಹೋದರೆ, ಅದರ ಹಿಂದೆಯೇ ಹಳೆ ಮೂಳೆ ಕರಗಿಸುವ ಕೋಶಗಳು, ಹೊಸದು ಕಟ್ಟುವ ಕೋಶಗಳು ಹೋಗುತ್ತವೆ. ಸತ್ತದ್ದನ್ನು ಸ್ವಲ್ಪ ಸ್ವಲ್ಪವೇ ತೆಗೆದು ಹೊಸದು ತುಂಬುತ್ತಾ ಸಾಗುತ್ತವೆ. ಅಂದರೆ ಕೋಶ ಸತ್ತ ಮಾತ್ರಕ್ಕೆ ಮೂಳೆ ಹೋಯಿತು ಅಂತಲ್ಲ. ಬಿರುಕು ಕೂಡಿಕೊಂಡರೆ ರಕ್ತ ವಾಪಸ್ ಬರಬಹುದು. ಕೂಡದೇ ಹೋದರೆ ಆ ತುಂಡು ಹಾಗೇ ಒಣಗಿ, ಕಾಲ ಕಳೆದಂತೆ ಚೂರಾಗುತ್ತದೆ, ಕುಸಿಯುತ್ತದೆ.

ಕೂಡಿಕೊಳ್ಳುವುದೇ ಇಲ್ಲಿ ಕಷ್ಟ. ಮೈಮೇಲೆ ಪೊರೆ ಇಲ್ಲದ್ದರಿಂದ ಕಾಲಿನ ಮೂಳೆಗೆ ಬರುವ ಹಾಗೆ ಸುತ್ತ ಗಂಟುಗಟ್ಟುವ ಕ್ಯಾಲಸ್ ಇದಕ್ಕೆ ಬರುವುದಿಲ್ಲ. ಒಳಗಿಂದೊಳಗೇ ಬೆಸೆಯಬೇಕು. ಕೀಲಿನ ನೀರು ಬಿರುಕಿನೊಳಗೆ ಇಳಿಯುತ್ತದೆ. ಜೊತೆಗೆ ಎಳೆದಾಟ ಬೇರೆ. ಬೆರಳ ಕಡೆಯ ತುಂಡು ಅಂಗೈ ಕಡೆಗೆ ಬಾಗಲು ನೋಡಿದರೆ, ಈ ಕಡೆಯದು ಲ್ಯೂನೇಟ್ ಜೊತೆ ಹಿಂದಕ್ಕೆ ವಾಲುತ್ತದೆ. ಮಣಿಕಟ್ಟು ಅಲ್ಲಾಡಿದಾಗಲೆಲ್ಲ ಬಿರುಕು ಬಾಯಿ ತೆರೆದು ಮುಚ್ಚುತ್ತದೆ. ದಾಟಲು ಹೊರಟಿದ್ದ ಎಳೆನಾಳ ಹರಿಯುತ್ತದೆ. ತೊಡೆಮೂಳೆಯ ತಲೆಗೂ ಹಿಮ್ಮಡಿಯ ಮೇಲಿನ ಟೇಲಸ್‌ಗೂ ಇಂಥದ್ದೇ ಕಷ್ಟ ಇದೆಯಂತೆ. ಅವೂ ಕಾರ್ಟಿಲೇಜ್ ಹೊದ್ದ ಮೂಳೆಗಳೇ.

ಅದೇ ಹೊತ್ತಿಗೆ ನಮ್ಮಲ್ಲಿಗೆ ಬೈಕಿನಿಂದ ಬಿದ್ದ ಒಬ್ಬ ಕಾಲೇಜು ಹುಡುಗ ಬಂದಿದ್ದ. ಅವನದೂ ಸ್ಕೇಫಾಯ್ಡ್, ಆದರೆ ನಡು ಮುರಿದಿತ್ತು. ಸರಿದಿರಲಿಲ್ಲ. ಅವನಿಗೆ ಬರೀ ಪ್ಲಾಸ್ಟರ್ ಹಾಕಿ ಕಳಿಸಿದರು. ನನಗೆ ಆಪರೇಷನ್ ಅಂದರು. ಇದೇನು ಅಂತ ನನಗೂ ಅನಿಸಿತು. ಸರಿಯದ ನಡುಭಾಗದ ಮುರಿತ ಪ್ಲಾಸ್ಟರ್‌ನಲ್ಲೇ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಕೂಡಿಕೊಳ್ಳುತ್ತದೆ, ಎಂಟರಿಂದ ಹನ್ನೆರಡು ವಾರ ಸಾಕು. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ನಡುಭಾಗ ಮುರಿದು 2 ಮಿಲಿಮೀಟರಿಗಿಂತ ಜಾಸ್ತಿ ಸರಿಯದ 439 ಜನರಲ್ಲಿ ಅರ್ಧದಷ್ಟು ಜನರಿಗೆ ಆಪರೇಷನ್ ಮಾಡಿ ಮೂಳೆಗೆ ಸ್ಕ್ರೂ, ಉಳಿದವರಿಗೆ ಪ್ಲಾಸ್ಟರ್. ಒಂದು ವರ್ಷದ ಕೊನೆಗೆ ಎರಡೂ ಗುಂಪಿನ ಕೈ ಹೆಚ್ಚುಕಡಿಮೆ ಒಂದೇ ಥರ ಇತ್ತು. ಹಾಗಾಗಿ ಅವನಿಗೆ ಮೊದಲು ಪ್ಲಾಸ್ಟರ್ ಸರಿ. ಕೂಡದಿದ್ದರೆ ತಡ ಮಾಡದೆ ಸ್ಕ್ರೂ.

ನನ್ನ ತುದಿಯ ಲೆಕ್ಕ ಬೇರೆ. ಬರೀ ಪ್ಲಾಸ್ಟರ್ ನೆಚ್ಚಿಕೊಂಡರೆ ಮೂರರಲ್ಲಿ ಒಂದು ಕೂಡದೇ ಉಳಿಯುತ್ತದೆ. ಕೂಡಿದರೂ ಮೂರು ತಿಂಗಳಿಂದ ಆರು ತಿಂಗಳು ಕೈ ಕಟ್ಟಿಕೊಂಡಿರಬೇಕು. ಅಷ್ಟು ದಿನ ಪ್ಲಾಸ್ಟರ್‌ನಲ್ಲಿದ್ದ ಮಣಿಕಟ್ಟು ಮರದ ತುಂಡೇ ಸರಿ. ಸ್ಕ್ರೂ ಹಾಕಿದರೆ ರಕ್ತ ತಕ್ಷಣ ಬರುವುದಿಲ್ಲ. ಅದನ್ನು ಡಾಕ್ಟರ್ ಸ್ಪಷ್ಟವಾಗಿ ಹೇಳಿದರು. ಸ್ಕ್ರೂ ಮಾಡುವ ಕೆಲಸ ಒಂದೇ. ಎಳೆನಾಳ ದಾಟುವವರೆಗೆ ಬಿರುಕನ್ನು ಅಲ್ಲಾಡದಂತೆ ಹಿಡಿಯುವುದು.

ಭುಜದ ಹತ್ತಿರ ಇಂಜೆಕ್ಷನ್ ಕೊಟ್ಟು ತೋಳು ಮಾತ್ರ ಮರಗಟ್ಟಿಸಿದರು. ನಾನು ಎಚ್ಚರವಿದ್ದೆ. ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆ ಕಾಣುವ ಹಾಗೆ ತಲೆ ತಿರುಗಿಸಿಕೊಂಡು ಮಲಗಿದ್ದೆ. ಕಸುಬಿನ ಚಾಳಿ, ಏನು ಮಾಡೋದು. ಮಣಿಕಟ್ಟಿನ ಹಿಂಬದಿಯಲ್ಲಿ ಚಿಕ್ಕದಾಗಿ ಕುಯ್ದು, ಕೈಯನ್ನು ಪೂರ್ತಿ ಅಂಗೈ ಕಡೆ ಮಡಚಿದರು. ಮಡಚಿದಾಗ ಸ್ಕೇಫಾಯ್ಡಿನ ಆ ತುದಿ ಹೊರಗೆ ಇಣುಕುತ್ತದೆ. ಅಲ್ಲಿಂದ ಸಣ್ಣ ತಂತಿ ಹೊಗಿಸಿ, ಹೆಬ್ಬೆರಳ ಬುಡದ ದಿಕ್ಕಿಗೆ ಮೂಳೆಯ ನಟ್ಟನಡುವೆ ಹೋಗುತ್ತಿದೆಯಾ ಅಂತ ನಾಲ್ಕಾರು ಕೋನದಿಂದ ನೋಡಿದರು. ಆಮೇಲೆ ಆ ತಂತಿಯ ಮೇಲೇ ಸ್ಕ್ರೂ ಇಳಿಸಿದರು.

ನಡುಭಾಗ ಮುರಿದವರಿಗೆ ಸಾಮಾನ್ಯವಾಗಿ ಅಂಗೈ ಕಡೆಯಿಂದ ಸ್ಕ್ರೂ ಹಾಕುತ್ತಾರೆ. ಹಿಂಬದಿಯ ಏಣಿನ ನಾಳಗಳ ಕಡೆ ಹೋಗೋದೇ ಬೇಡ ಅಂತ. ನನಗೆ ಹಿಂದಿನಿಂದ ಯಾಕೆ? ಅಂಗೈ ಕಡೆಯಿಂದ ಬಂದರೆ ಸ್ಕ್ರೂವಿನ ತುದಿಯ ಎರಡು ಮೂರು ಸುತ್ತು ಮಾತ್ರ ಈ ಪುಟ್ಟ ತುಂಡಿಗೆ ಸಿಗುತ್ತಿತ್ತು. ಹಿಡಿತ ಸಾಲದು. ತುಂಡಿನ ಕಡೆಯಿಂದಲೇ ಹೊಕ್ಕರೆ ಸ್ಕ್ರೂವಿನ ದಪ್ಪ ಭಾಗ ತುಂಡಿನಲ್ಲೇ ಕೂರುತ್ತದೆ. ಹೊಕ್ಕ ಜಾಗ ತೀರಾ ತುದಿ, ಏಣಿನಿಂದ ದೂರ. ಅಲ್ಲಿ ಹಾಳಾಗುವ ನಾಳವೇ ಇಲ್ಲ.

ಆ ಸ್ಕ್ರೂ ಬಗ್ಗೆ ಒಂದು ಮಾತು ಹೇಳಲೇಬೇಕು. ಅದಕ್ಕೆ ತಲೆ ಇಲ್ಲ. ತಲೆ ಇದ್ದಿದ್ದರೆ ಕೀಲಿನೊಳಗೆ ಎದ್ದುನಿಂತು ಉಜ್ಜುತ್ತಿತ್ತು. ಎರಡೂ ತುದಿಗೆ ಮರೆ, ಅಂದರೆ ತಿರುಪಿನ ಸುತ್ತು, ಇದೆ. ಮುಂದಿನ ತುದಿಯ ಸುತ್ತುಗಳು ದೂರ ದೂರ, ಹಿಂದಿನವು ಒತ್ತೊತ್ತು. ಒಂದು ಸಲ ತಿರುಗಿಸಿದರೆ ಮುಂದಿನ ತುದಿ ಜಾಸ್ತಿ ದೂರ ಓಡುತ್ತದೆ, ಹಿಂದಿನದು ಕಡಿಮೆ. ಹಾಗಾಗಿ ಎರಡು ತುಂಡುಗಳು ತಾವೇ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಸ್ಟ್ರೇಲಿಯಾದ ಟಿಮೊತಿ ಹರ್ಬರ್ಟ್ ಇದನ್ನು ಮಾಡಿದವರು. ಫಿಶರ್ ಜೊತೆ ಸೇರಿ 1984ರಲ್ಲಿ ಬರೆದ ಲೇಖನದಿಂದ ಇದು ಎಲ್ಲೆಡೆ ಹಬ್ಬಿತು. ಈಗಿನವು ತಂತಿ ತೂರಲು ನಡುವೆ ಟೊಳ್ಳು ಇರುವವು, ಆದರೆ ಉಪಾಯ ಅದೇ. ಪರದೆಯ ಮೇಲೆ ಬಿರುಕಿನ ಕಪ್ಪು ಗೆರೆ ತೆಳ್ಳಗಾಗುತ್ತಾ ಹೋದದ್ದನ್ನು ನಾನೇ ನೋಡಿದೆ.

ಇನ್ನು ಬಿಳುಪಿನ ಕಥೆ.

ಆಪರೇಷನ್ ಆಗಿ ಎರಡು ತಿಂಗಳ ಹೊತ್ತಿಗೆ ಫಿಲ್ಮ್ ತೆಗೆದಾಗ ಆ ಚಿಕ್ಕ ತುಂಡು ಉಳಿದ ಮೂಳೆಗಳಿಗಿಂತ ಬೆಳ್ಳಗೆ ಕಂಡಿತು. ಎಕ್ಸ್‌ರೇಯಲ್ಲಿ ಬೆಳ್ಳಗೆ ಅಂದರೆ ಗಟ್ಟಿ. ನೋಡಿದ ನನ್ನ ಗಂಡ ಖುಷಿಯಾಗಿ, "ಪರವಾಗಿಲ್ಲ ಕಣೇ, ಅದೇ ಎಲ್ಲಕ್ಕಿಂತ ಚೆನ್ನಾಗಿ ಗಟ್ಟಿಯಾಗಿದೆ" ಅಂದರು. ನನಗೆ ಊಟ ಸೇರಲಿಲ್ಲ.

ಯಾಕೆ ಅಂದರೆ, ಆ ತುಂಡು ಬೆಳ್ಳಗಾಗಿರುವುದಿಲ್ಲ. ಸುತ್ತಲಿನ ಮೂಳೆಗಳು ಕಪ್ಪಾಗಿರುತ್ತವೆ. ಕೈ ಕಟ್ಟಿ ಕೂರಿಸಿದಾಗ, ಕೆಲಸವಿಲ್ಲದ ಮೂಳೆಯಿಂದ ದೇಹ ಕ್ಯಾಲ್ಸಿಯಂ ವಾಪಸ್ ತೆಗೆದುಕೊಳ್ಳುತ್ತದೆ. ಆ ಕೆಲಸ ಮಾಡುವ ಕೋಶಗಳು ಬರುವುದು ರಕ್ತದ ಜೊತೆ. ರಕ್ತ ಇರುವ ಮೂಳೆಗಳೆಲ್ಲ ಸ್ವಲ್ಪ ಸ್ವಲ್ಪ ತೆಳುವಾಗುತ್ತವೆ, ಫಿಲ್ಮ್‌ನಲ್ಲಿ ಮಂಕಾಗುತ್ತವೆ. ರಕ್ತ ತಲುಪದ ತುಂಡಿನಿಂದ ಏನನ್ನೂ ತೆಗೆಯಲಾಗದು. ಅದು ಬಿದ್ದ ದಿನ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗೆ ಉಳಿಯುತ್ತದೆ. ಅಂದರೆ ಆ ಬಿಳುಪು ಹೇಳುವುದು ಇಷ್ಟೇ, ಈ ಎರಡು ತಿಂಗಳಲ್ಲಿ ಇಲ್ಲಿಗೆ ರಕ್ತ ಸರಿಯಾಗಿ ಬಂದಿಲ್ಲ.

ಫಿಲ್ಮ್ ಡಾಕ್ಟರ್ ಮುಂದೆ ಇಟ್ಟು, "ಸತ್ತು ಹೋಗಿದೆ ಅಲ್ವಾ ಸಾರ್?" ಅಂದೆ.

"ಇಷ್ಟಕ್ಕೇ ಹಾಗೆ ಹೇಳೋಕಾಗಲ್ಲ. ಈ ಜಾಗದ ಮುರಿತದಲ್ಲಿ ಬಿಳುಪು ಸುಮಾರು ಜನರಿಗೆ ಬರುತ್ತೆ, ಎಷ್ಟೋ ಜನರದು ಆಮೇಲೆ ಹೋಗುತ್ತೆ. ನಾನು ನೋಡೋದು ಬಣ್ಣ ಅಲ್ಲ. ಬಿರುಕು ಕೂಡ್ತಾ ಇದೆಯಾ, ತುಂಡು ಆಕಾರ ಉಳಿಸಿಕೊಂಡಿದೆಯಾ, ಸ್ಕ್ರೂ ಸುತ್ತ ಸಡಿಲ ಆಗಿದೆಯಾ, ಇಷ್ಟು."

ಹಾಗಾದರೆ ಎಂಆರ್‌ಐ ಮಾಡಿಸಿ ರಕ್ತ ಇದೆಯೋ ಇಲ್ಲವೋ ನೋಡಿಬಿಡೋಣ ಅನ್ನೋಣ ಅಂದರೆ, ಸ್ಕ್ರೂ ಅಡ್ಡ. ಟೈಟಾನಿಯಂ ಸ್ಕ್ರೂ ಎಂಆರ್‌ಐಗೆ ಅಪಾಯವಲ್ಲ, ಆದರೆ ಅದರ ಸುತ್ತಲಿನ ಚಿತ್ರ ಕಲಸಿಹೋಗುತ್ತದೆ. 5 ಮಿಲಿಮೀಟರ್ ತುಂಡಿನಲ್ಲಿ ಕಲಸದೇ ಉಳಿಯುವುದು ಏನು? ಸ್ಕ್ರೂ ಇಲ್ಲದವರಲ್ಲೂ ಎಂಆರ್‌ಐ ಕೊನೆಯ ಮಾತಲ್ಲ. ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ತುಂಡು ಪೂರ್ತಿ ಕಪ್ಪಾಗಿದ್ದರೆ ಅನುಮಾನ ಬಲವಾಗುತ್ತದೆ, ಅಷ್ಟೇ. ನಿಜವಾಗಿ ಗೊತ್ತಾಗುವುದು ಆಪರೇಷನ್ ಟೇಬಲ್ ಮೇಲೆ. ರಕ್ತ ತಡೆಯಲು ತೋಳಿಗೆ ಬಿಗಿದ ಟೂರ್ನಿಕೆ ಪಟ್ಟಿ ಸಡಿಲಿಸಿ, ಆ ತುಂಡಿನ ಕತ್ತರಿಸಿದ ಮೈಯಲ್ಲಿ ರಕ್ತದ ಚುಕ್ಕೆಗಳು ಮೂಡುತ್ತವಾ ಅಂತ ನೋಡುತ್ತಾರೆ. ಮೂಡಿದರೆ ಜೀವ ಇದೆ.

ಮೂರು ತಿಂಗಳು ದಾಟಿದ ಮೇಲೆ ಮತ್ತೆ ಸಿಟಿ. ಎಕ್ಸ್‌ರೇಯಲ್ಲಿ ಒಂದರ ಮೇಲೊಂದು ಬಿದ್ದ ನೆರಳಿನಿಂದ ಕೂಡಿದ ಹಾಗೆ ಕಂಡರೂ ನಂಬುವಂತಿಲ್ಲ. ಸಿಟಿಯಲ್ಲಿ ಪದರ ಪದರವಾಗಿ ಬಿರುಕಿನ ಎರಡೂ ದಡದ ನಡುವೆ ಮೂಳೆಯ ಎಳೆ ದಾಟಿದೆಯೇ ಅಂತ ಎಣಿಸಬಹುದು. ನನ್ನದರಲ್ಲಿ ಅಂಗೈ ಕಡೆಯ ಪದರಗಳಲ್ಲಿ ಎಳೆಗಳು ದಾಟಿದ್ದವು. ಹಿಂಬದಿಯಲ್ಲಿ ಇನ್ನೂ ಗೆರೆ ಇತ್ತು. ಒಟ್ಟು ನೋಡಿದರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅರ್ಧ ದಾಟಿದರೆ ಭಾರ ಎತ್ತಲು ಶುರು ಮಾಡಬಹುದು ಅನ್ನುವುದು ಡಾಕ್ಟರ್ ಲೆಕ್ಕ. ತುಂಡಿನ ಆಕಾರ ಹಾಗೇ ಇತ್ತು, ಸ್ಕ್ರೂ ಸುತ್ತ ಕಪ್ಪು ಗೆರೆ ಬಂದಿರಲಿಲ್ಲ. ಬೆಳ್ಳಗೆ ಮಾತ್ರ ಇನ್ನೂ ಇತ್ತು. "ಇನ್ನೂ ಸ್ವಲ್ಪ ಕಾಯೋಣ. ಬೆರಳು, ಹೆಬ್ಬೆರಳು ಆಡಿಸಿ, ಮಣಿಕಟ್ಟು ಮೆಲ್ಲಗೆ ಆಡಿಸಿ. ಕೊಡ, ಸಿಲಿಂಡರ್ ಮುಟ್ಟಬೇಡಿ" ಅಂದರು.

ಹಳೆ ಮೂಳೆ ತೆಗೆದು ಹೊಸದು ತುಂಬುವ ಈ ಹೊತ್ತಿನಲ್ಲೇ ತುಂಡು ಮೆತ್ತಗಿರುತ್ತದೆ. ಸತ್ತಿದ್ದಾಗ ಇದ್ದ ಬಲ ಹೋಗಿರುತ್ತದೆ, ಹೊಸ ಬಲ ಬಂದಿರುವುದಿಲ್ಲ. ಕುಸಿಯುವುದಾದರೆ ಆಗಲೇ. ನೋವು ಕಮ್ಮಿಯಾಗಿದೆ ಅಂತ ಆಗ ಭಾರ ಹಾಕಿದರೆ ಕಷ್ಟ.

ಕಾಯುವ ದಿನಗಳಲ್ಲಿ ನಾನು ಹಳೆ ಫಿಲ್ಮ್‌ಗಳನ್ನು ತೆಗೆದು ನೋಡುತ್ತಿದ್ದೆ. ಸುಮ್ನೆ ಅಲ್ಲ, ಹೆದರಿಕೆಗೆ. ಅದರಲ್ಲಿ ಕಬಡ್ಡಿ ಆಡುವ ಹುಡುಗನೊಬ್ಬನದಿತ್ತು. ಬಿದ್ದಾಗ ಉಳುಕು ಅಂದುಕೊಂಡು ಪಟ್ಟು ಹಾಕಿಸಿ ಬಿಟ್ಟಿದ್ದ. ಒಂದು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ದಂಡ ಹೊಡೆಯುವಾಗ ನೋವು ಅಂತ ಬಂದ. ಅವನ ಬಿರುಕಿನ ಎರಡೂ ದಡ ನುಣ್ಣಗೆ ಉರುಟಾಗಿದ್ದವು, ನಡುವೆ ಅಂತರ. ದೇಹ ಅದನ್ನು ಕೂಡಿಸುವ ಪ್ರಯತ್ನವನ್ನೇ ಬಿಟ್ಟಿತ್ತು. ಚಿಕ್ಕ ತುಂಡು ಬೆಳ್ಳಗೆ, ಒಂದು ಮೂಲೆ ಚೂರಾಗಿತ್ತು. ಮೊಣಕೈಯಿಂದ ಮಣಿಕಟ್ಟಿಗೆ ಬರುವ ರೇಡಿಯಸ್ ಮೂಳೆಯ ತುದಿಯಲ್ಲಿ, ಹೆಬ್ಬೆರಳ ಕಡೆ, ಆಗಲೇ ಸವೆತ ಶುರುವಾಗಿತ್ತು. ಕೂಡದ ಸ್ಕೇಫಾಯ್ಡ್‌ನಿಂದ ಬರುವ ಸಂಧಿವಾತ ಮೊದಲು ಕಾಣಿಸಿಕೊಳ್ಳುವುದು ಅಲ್ಲೇ. ಆಮೇಲೆ ಒಳಗೊಳಗೆ ಹರಡುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಅರವತ್ತರ ಮಣಿಕಟ್ಟು.

ಅಂಥವರಿಗೆ ಬರೀ ಸ್ಕ್ರೂ ಸಾಲುವುದಿಲ್ಲ. ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಬಹುದು. ಆದರೆ ಆ ಚೂರಿಗೂ ಸ್ವಂತ ರಕ್ತವಿಲ್ಲ, ಪಕ್ಕದ ತುಂಡು ಸತ್ತಿದ್ದರೆ ಅದಕ್ಕೆ ಕೊಡುವವರು ಯಾರು? ಅದಕ್ಕೆ 1991ರಲ್ಲಿ ಅರ್ಜೆಂಟೀನಾದ ಝೈಡೆಂಬರ್ಗ್ ಮತ್ತವರ ಜೊತೆಗಾರರು ಒಂದು ದಾರಿ ತೋರಿಸಿದರು. ರೇಡಿಯಸ್ ಮೂಳೆಯ ಹಿಂಬದಿಯಿಂದ ಒಂದು ಸಣ್ಣ ಚೂರನ್ನು ಅದರ ರಕ್ತನಾಳದ ಸಮೇತ ಎತ್ತಿ, ನಾಳ ಕಡಿಯದೆ ತಿರುಗಿಸಿ ಸ್ಕೇಫಾಯ್ಡ್‌ಗೆ ಕೂರಿಸುವುದು. ಮೊಣಕಾಲಿನ ಒಳಬದಿಯಿಂದ ನಾಳ ಸಮೇತ ಮೂಳೆ ತಂದು, ಮೈಕ್ರೋಸ್ಕೋಪ್ ಕೆಳಗೆ ನಾಳ ಹೊಲಿಯುವುದೂ ಇದೆ. ಇಂಥ ಕೆಲಸಕ್ಕೆ ಕೈಯ ಸರ್ಜನ್ನೇ ಬೇಕು. ಆ ಹುಡುಗನನ್ನು ಬೆಂಗಳೂರಿಗೆ ಕಳಿಸಿದ್ದರು. ಹೋದನೋ ಇಲ್ಲವೋ, ನಮ್ಮಲ್ಲಿ ಮತ್ತೆ ಫಿಲ್ಮ್ ತೆಗೆಸಿದ್ದು ಕಾಣಲಿಲ್ಲ. ಅವನು ಬೀಡಿ ಬೇರೆ ಸೇದುತ್ತಿದ್ದ. ನಿಕೋಟಿನ್ ಸಣ್ಣ ನಾಳಗಳನ್ನು ಇನ್ನೂ ಬಿಗಿ ಮಾಡುತ್ತದೆ. ಸೇದುವವರಲ್ಲಿ ಈ ಮೂಳೆ ಕೂಡದೇ ಉಳಿಯುವುದು ಜಾಸ್ತಿ. ನಾಳ ಸಮೇತ ಚೂರು ಇಟ್ಟರೂ ಅಷ್ಟೇ.

ಐದು ತಿಂಗಳು ಕಳೆದ ಮೇಲೆ ಇನ್ನೊಂದು ಸಿಟಿ ಆಯಿತು. ಹಿಂಬದಿಯ ಗೆರೆಯೂ ಅಳಿಸಿತ್ತು, ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಅಂತರ. ಮುಕ್ಕಾಲಿಗಿಂತ ಜಾಸ್ತಿ ಕೂಡಿದೆ ಅಂದರು. ನಾನು ನೋಡಿದ್ದು ಬಿಳುಪನ್ನು. ತುಂಡು ಈಗ ಎಲ್ಲ ಕಡೆ ಒಂದೇ ಬಿಳಿ ಇರಲಿಲ್ಲ. ಬಿರುಕಿನ ಕಡೆಯಿಂದ ಒಳಕ್ಕೆ ಮಂಕು ಹರಡಿತ್ತು, ತುದಿ ಮಾತ್ರ ಇನ್ನೂ ಸ್ವಲ್ಪ ಬೆಳ್ಳಗಿತ್ತು. ರಕ್ತ ಎಲ್ಲಿವರೆಗೆ ಹೋಗಿದೆ ಅನ್ನುವುದು ಆ ಮಂಕಿನಲ್ಲೇ ತಿಳಿಯುತ್ತಿತ್ತು. ಮೂಳೆ ತೆಳುವಾಗಿದೆ ಅಂತ ಸಂತೋಷಪಟ್ಟದ್ದು ನನ್ನ ಕೆಲಸದಲ್ಲಿ ಅದೇ ಮೊದಲು.

ಈಗ ಡಿಟೆಕ್ಟರ್ ಎತ್ತುತ್ತೇನೆ, ರೋಗಿಗಳನ್ನು ಟೇಬಲ್ ಮೇಲೆ ಸರಿಸುತ್ತೇನೆ. ಅಂಗೈ ಊರಿ ನೆಲದಿಂದ ಏಳುವಾಗ ಮಣಿಕಟ್ಟು ಹಿಂದಕ್ಕೆ ಪೂರ್ತಿ ಮಡಚುವುದಿಲ್ಲ, ಎಡಗೈಗೆ ಹೋಲಿಸಿದರೆ ಸ್ವಲ್ಪ ಮೊದಲೇ ನಿಲ್ಲುತ್ತದೆ. ಹಿಡಿತ ಹತ್ತಿರ ಹತ್ತಿರ ಮೊದಲಿನಷ್ಟೇ ಇದೆ. ವರ್ಷಕ್ಕೊಮ್ಮೆ ಒಂದು ಫಿಲ್ಮ್ ತೆಗೆದುಕೊಂಡು ಬನ್ನಿ, ತುದಿ ಕುಸಿದಿದೆಯಾ ನೋಡೋಣ ಅಂದಿದ್ದಾರೆ. ಸ್ಕ್ರೂ ತೆಗೆಸಬೇಕಾ ಅಂತ ಅತ್ತೆ ಆಗಾಗ ಕೇಳುತ್ತಿರುತ್ತಾರೆ. ಬೇಡವಂತೆ. ಅದು ಕಾರ್ಟಿಲೇಜ್‌ನ ಒಳಗೆ ಹೂತಿದೆ, ತೆಗೆಯಲು ಹೋದರೆ ಕೂಡಿದ ಜಾಗವನ್ನೇ ಮತ್ತೆ ಕೊರೆಯಬೇಕು. ತುಂಡು ಕುಗ್ಗಿ ಸ್ಕ್ರೂವಿನ ತುದಿ ಕೀಲಿನೊಳಗೆ ಇಣುಕಿ ಉಜ್ಜಲು ಶುರು ಮಾಡಿದರೆ ಮಾತ್ರ ತೆಗೆಯುತ್ತಾರೆ.